ಗಾಡಿ ಏರು ಹತ್ತಲ್ಲ, ನ್ಯೂಟ್ರಲ್ಲೂ ಬೀಳಲ್ಲ: ಕ್ಲಚ್ ವೈರ್ ಇನ್ನೂ ಟೈಟ್ ಮಾಡಿಸ್ಬೇಕಾ?

ಗೂಡಿನ_ಗಾಡಿ (ಶಿಡ್ಲಘಟ್ಟ)

ಎಲ್ರಿಗೂ ನಮಸ್ಕಾರ. ನಂದು 150 ಸಿಸಿ ಗಾಡಿ, ಐದು ಗೇರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮನೇಲಿರೋದು ಇದೊಂದೇ, ಹಂಗಾಗಿ ತೋಟದಿಂದ ಸೊಪ್ಪು ಹೊರೋದೂ ಇದೇ, ಗೂಡಿನ ಚೀಲ ಕಟ್ಕೊಂಡು ಮಾರ್ಕೆಟ್ಟಿಗೆ ಹೋಗೋದೂ ಇದೇ. ಮೊದ್ಲು ಶುರುವಾಗಿದ್ದು ಗೇರ್ ಗಟ್ಟಿ ಅಂತ. ಸಿಗ್ನಲ್ಲಲ್ಲಿ ಕ್ಲಚ್ ಪೂರ್ತಿ ಹಿಡಿದಿದ್ರೂ ಗಾಡಿ ಮುಂದಕ್ಕೆ ಎಳೀತಿತ್ತು, ನ್ಯೂಟ್ರಲ್ ಹುಡುಕೋಕೆ ಕಾಲು ನೋವು ಬರ್ತಿತ್ತು. ಮೆಕ್ಯಾನಿಕ್ ಹತ್ರ ಹೋದ್ರೆ ಕೆಳಗಡೆ ನಟ್ ತಿರುಗಿಸಿ ವೈರ್ ಟೈಟ್ ಮಾಡ್ದ, ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸ್ತು, ಮತ್ತೆ ಅದೇ ಕತೆ, ಮತ್ತೆ ಟೈಟು.

ಈಗ ಹೊಸದೊಂದು ಸೇರ್ಕೊಂಡಿದೆ. ಮೊನ್ನೆ ಫ್ರೆಂಡ್ ಕೂರಿಸ್ಕೊಂಡು ನಂದಿಬೆಟ್ಟ ಹತ್ತೋವಾಗ ಎಕ್ಸಲೇಟರ್ ಕೊಟ್ರೆ ಇಂಜಿನ್ ಬರ್ರ್ ಅಂತ ಕೂಗುತ್ತೆ, ಆರ್‌ಪಿಎಂ ಮುಳ್ಳು ಮೇಲಕ್ಕೆ ಹೋಗುತ್ತೆ, ಗಾಡಿ ಮಾತ್ರ ಅಲ್ಲೇ. ಅರ್ಧ ಬೆಟ್ಟಕ್ಕೆ ಏನೋ ಸುಟ್ಟ ವಾಸನೆ. ಅವನನ್ನ ಇಳಿಸಿ ನಡೆಸ್ಕೊಂಡು ಹೋದೆ, ಇನ್ನೂ ಬೈತಾ ಇದ್ದಾನೆ. ಇಷ್ಟಾದ್ರೂ ನ್ಯೂಟ್ರಲ್ ಸಮಸ್ಯೆ ಹೋಗಿಲ್ಲ. ಮೆಕ್ಯಾನಿಕ್ ಮತ್ತೆ ಟೈಟ್ ಮಾಡ್ತೀನಿ ಬಾ ಅಂತಾನೆ. ಮಾಡಿಸ್ಲಾ?

ನಂದಿ_ರಾಕೆಟ್

ಸಿಂಪಲ್ ಬ್ರೋ. ಸ್ಲಿಪ್ ಆಗ್ತಿದೆ ಅಂದ್ರೆ ಪ್ಲೇಟ್ ಸವೆದಿದೆ. ಪ್ಲೇಟ್ ಸವೆದ್ರೆ ಗ್ಯಾಪ್ ಜಾಸ್ತಿ ಆಗುತ್ತೆ, ವೈರ್ ಟೈಟ್ ಮಾಡಿದ್ರೆ ಆ ಗ್ಯಾಪ್ ತುಂಬುತ್ತೆ. ಬ್ರೇಕ್ ಶೂ ಸವೆದ್ರೆ ರಾಡ್ ಟೈಟ್ ಮಾಡಲ್ವಾ, ಅದೇ ಲೆಕ್ಕ. ನಾನು ವಾರಕ್ಕೊಂದ್ಸಲ ನಂದಿ ಹತ್ತೋನು, ನನ್ ಮಾತು ಕೇಳು.

ಚಿಂತಾಮಣಿ_ಕಡ್ಲೆಕಾಯಿ

ಫ್ರೆಂಡ್‌ನ ಚೇಂಜ್ ಮಾಡು ಗುರು, ತೂಕ ಕಮ್ಮಿ ಇರೋನ್ನ ಕೂರಿಸ್ಕೋ 😂

ಗ್ರೀಸ್_ಕೈ (ಕೋಲಾರ)

ಟೈಟ್ ಮಾಡಿಸ್ಬೇಡಪ್ಪಾ, ದಯವಿಟ್ಟು. ರಾಕೆಟ್ ಹೇಳಿದ್ದರಲ್ಲಿ ಪ್ಲೇಟ್ ಸವೆದಿರಬಹುದು ಅನ್ನೋದು ನಿಜ, ವೈರ್ ಟೈಟ್ ಮಾಡು ಅನ್ನೋದು ಪೂರ್ತಿ ಉಲ್ಟಾ. ಬ್ರೇಕಿಗೂ ಕ್ಲಚ್ಚಿಗೂ ಇಲ್ಲೇ ವ್ಯತ್ಯಾಸ ಇರೋದು. ಬ್ರೇಕಲ್ಲಿ ನೀನು ಹಿಡಿದಾಗ ಹಿಡಿಯುತ್ತೆ. ಕ್ಲಚ್ಚಲ್ಲಿ ನೀನು ಬಿಟ್ಟಾಗ ಹಿಡಿಯುತ್ತೆ. ಪ್ಲೇಟ್‌ಗಳನ್ನ ಒತ್ತಿ ಹಿಡಿಯೋದು ಒಳಗಿರೋ ಸ್ಪ್ರಿಂಗು, ವೈರ್ ಕೆಲಸ ಆ ಸ್ಪ್ರಿಂಗನ್ನ ಬಿಡಿಸೋದು ಅಷ್ಟೇ. ವೈರ್ ಟೈಟ್ ಮಾಡಿದಷ್ಟೂ ನೀನು ಲಿವರ್ ಮುಟ್ಟದೇ ಇದ್ರೂ ಅರ್ಧ ಕ್ಲಚ್ ಹಿಡ್ಕೊಂಡು ಓಡಿಸ್ದಂಗೆ.

ಪ್ಲೇಟ್ ಸವೆದಾಗ ಏನಾಗುತ್ತೆ ಅಂದ್ರೆ, ಒಂದರ ಪಕ್ಕ ಒಂದು ಕೂತಿರೋ ಪ್ಲೇಟ್‌ಗಳ ಒಟ್ಟು ದಪ್ಪ ಕಮ್ಮಿ ಆಗುತ್ತೆ, ಸ್ಪ್ರಿಂಗು ಪ್ರೆಷರ್ ಪ್ಲೇಟನ್ನ ಅಷ್ಟು ಒಳಕ್ಕೆ ತಳ್ಳುತ್ತೆ, ಅದರ ಜೊತೆ ಕೊಂಡಿ ಕೂಡ ಅದೇ ದಿಕ್ಕಿಗೆ ಸರಿಯಬೇಕು, ವೈರ್ ಸಡಿಲ ಇದ್ರೆ ತಾನೇ ಸರಿಯೋದು? ಅದಕ್ಕೆ ಪ್ಲೇಟ್ ಸವೀತಾ ಸವೀತಾ ಲಿವರ್‌ನಲ್ಲಿರೋ ಪ್ಲೇ, ಅಂದ್ರೆ ಭಾರ ಸಿಗೋಕೆ ಮುಂಚಿನ ಸಡಿಲ, ಕಮ್ಮಿ ಆಗ್ತಾ ಬರುತ್ತೆ. ಜಾಸ್ತಿ ಆಗಲ್ಲ. ಆಗ ವೈರ್ ಬಿಡಬೇಕು, ಎಳೆಯೋದಲ್ಲ. ಪ್ಲೇ ಜಾಸ್ತಿ ಆಗೋದು ವೈರ್ ಹಿಗ್ಗಿದಾಗ ಅಥವಾ ಒಳಗೆ ಎಳೆ ಕಿತ್ತುಹೋಗ್ತಾ ಇದ್ದಾಗ. ಆಗ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಗಟ್ಟಿ ಆಗುತ್ತೆ, ಅದಕ್ಕೆ ಟೈಟ್ ಮಾಡೋದು ಸರಿ.

ಈಗ ನೀನು ಹೇಳು, ಲಿವರ್ ತುದೀಲಿ ಬೆರಳಿಟ್ಟು ಮೆಲ್ಲಗೆ ಎಳೆದ್ರೆ ಭಾರ ಸಿಗೋಕೆ ಮುಂಚೆ ಎಷ್ಟು ಸುಮ್ಮನೆ ಬರುತ್ತೆ?

ಗೂಡಿನ_ಗಾಡಿ

ಈಗ ನೋಡ್ಕೊಂಡ್ ಬಂದೆ ಅಣ್ಣ. ಸುಮ್ಮನೆ ಬರೋದೇ ಇಲ್ಲ, ಮುಟ್ಟಿದ ತಕ್ಷಣ ಭಾರ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದ್ರೆ ಇನ್ನೂ ಬಿಗಿ ಆದಂಗಿದೆ.

ಗ್ರೀಸ್_ಕೈ (ಕೋಲಾರ)

ಅಲ್ಲಿಗೆ ಅರ್ಧ ಉತ್ತರ ಸಿಕ್ತು. ಸಾಮಾನ್ಯವಾಗಿ ಲಿವರ್ ತುದೀಲಿ 10ರಿಂದ 20 ಮಿ.ಮೀ. ಪ್ಲೇ ಬೇಕು, ನಿಂದು ಸೊನ್ನೆ. ಹ್ಯಾಂಡಲ್ ತಿರುಗಿಸಿದ್ರೆ ಬಿಗಿ ಆಗುತ್ತೆ ಅಂದ್ರೆ ವೈರ್ ಹೋಗೋ ದಾರೀನೂ ನೋಡು, ಯಾರೋ ಟ್ಯಾಂಕ್ ಬಿಚ್ಚಿ ಕಟ್ಟೋವಾಗ ಫ್ರೇಮಿಗೆ ಸಿಕ್ಕಿಸಿರ್ತಾರೆ, ಇಲ್ಲಾ ಟ್ಯಾಗ್ ಹಾಕಿ ಬಿಗಿದಿರ್ತಾರೆ.

ಮೊದಲು ಖರ್ಚಿಲ್ಲದ ಕೆಲಸ ಮಾಡು. ಮೇಲ್ಗಡೆ ಲಿವರ್ ಹತ್ರ ಇರೋ ಅಡ್ಜಸ್ಟರ್‌ನ ಪೂರ್ತಿ ಒಳಕ್ಕೆ ತಿರುಗಿಸಿ ಒಂದೆರಡು ಸುತ್ತು ಹೊರಗೆ ತಾ. ಆಮೇಲೆ ಇಂಜಿನ್ ಹತ್ರ ಇರೋ ಎರಡು ನಟ್ ಸಡಿಲಿಸಿ ವೈರ್ ಬಿಡು, ಲಿವರ್‌ನಲ್ಲಿ 15 ಮಿ.ಮೀ. ಹತ್ರ ಪ್ಲೇ ಬರೋವರೆಗೂ. ದೊಡ್ಡ ಅಡ್ಜಸ್ಟ್‌ಮೆಂಟು ಯಾವಾಗ್ಲೂ ಕೆಳಗೆ, ಮೇಲಿಂದು ದಾರೀಲಿ ಚೂರುಪಾರು ಬೇಕಾದ್ರೆ ಇರ್ಲಿ. ಇನ್ನೊಂದು, ಮೇಲಿನ ಅಡ್ಜಸ್ಟರ್, ಲಾಕ್ ರಿಂಗು, ಲಿವರ್ ಬ್ರಾಕೆಟ್ ಮೂರರಲ್ಲೂ ಒಂದು ಸೀಳು ಇರುತ್ತೆ, ಅವು ಒಂದೇ ಸಾಲಿಗೆ ಬರೋ ಹಂಗೆ ಬಿಡಬೇಡ, ವೈರ್ ಅಲ್ಲಿಂದಾನೇ ಹಾರಿ ಬರುತ್ತೆ, ಮಳೆ ನೀರೂ ಅಲ್ಲಿಂದಾನೇ ಇಳಿಯೋದು.

ಆಮೇಲೆ ಖಾಲಿ ರೋಡಲ್ಲಿ ನಾಲ್ಕನೇ ಗೇರು, ಮೂವತ್ತೈದು ನಲವತ್ತರ ಸ್ಪೀಡು, ಒಂದೇ ಸಲ ಎಕ್ಸಲೇಟರ್ ಪೂರ್ತಿ ಕೊಡು. ಆರ್‌ಪಿಎಂ ಮತ್ತೆ ಸ್ಪೀಡು ಜೊತೆಜೊತೆಗೆ ಏರಿದ್ರೆ ಸರಿ. ಮುಳ್ಳು ಚಂಗನೆ ಹಾರಿ ಸ್ಪೀಡು ಹಿಂದೆ ಉಳಿದ್ರೆ ವೈರ್ ತಪ್ಪಲ್ಲ, ಒಳಗಿನ ತಪ್ಪು. ಹೇಳು ಆಮೇಲೆ.

ನಂದಿ_ರಾಕೆಟ್

ನಾನು ನೋಡಿರೋ ಎಲ್ಲಾ ಮೆಕ್ಯಾನಿಕ್ ಟೈಟೇ ಮಾಡೋದು ಅಣ್ಣ, ಎಲ್ರೂ ತಪ್ಪಾ? ಕಾರಲ್ಲಿ ಕ್ಲಚ್ ಸವೆದ್ರೆ ಪೆಡಲ್ ಮೇಲಕ್ಕೆ ಬರುತ್ತೆ ಅಂತಾರೆ, ಬೈಕಲ್ಲಿ ಯಾಕೆ ಬೇರೆ?

ಗ್ರೀಸ್_ಕೈ (ಕೋಲಾರ)

ಬೇರೆ ಅಲ್ಲ ಮಾರಾಯ, ನೀನೇ ಉತ್ತರ ಹೇಳ್ದೆ. ಕಾರಲ್ಲಿ ಪೆಡಲ್ ಮೇಲಕ್ಕೆ ಬರುತ್ತೆ ಅಂದ್ರೆ ಪ್ಲೇ ಕಮ್ಮಿ ಆಗಿದೆ ಅಂತಾನೇ. ಬೈಕಲ್ಲೂ ಲಿವರ್ ಪೂರ್ತಿ ಬಿಡೋ ಹೊತ್ತಿಗೆ ಗಾಡಿ ಕದಲೋದು, ಅದೇ. ಮೆಕ್ಯಾನಿಕ್‌ಗಳು ಟೈಟ್ ಮಾಡೋದು ಗೇರ್ ಗಟ್ಟಿ ಅಂತ ಬಂದೋರಿಗೆ. ಸ್ಲಿಪ್ ಅಂತ ಬಂದೋರಿಗೆ ಟೈಟ್ ಮಾಡಿದ್ರೆ ಅವನಿಗೆ ಪ್ಲೇಟ್ ಸೆಟ್ ಮಾರೋ ಆಸೆ ಇದೆ ಅಂತ ತಿಳ್ಕೋ.

ಸ್ಕೂಟರ್_ಸರೋಜ

ನಂದೂ ಇದೇ ಪ್ರಾಬ್ಲಂ. ಏರಲ್ಲಿ ಪಿಕಪ್ ಇಲ್ಲ, ಇಂಜಿನ್ ಮಾತ್ರ ಕೂಗುತ್ತೆ. ಆದ್ರೆ ಎಡಗಡೆ ಲಿವರ್ ಹಿಡಿದ್ರೆ ಬ್ರೇಕ್ ಬೀಳುತ್ತೆ, ಕ್ಲಚ್ ವೈರ್ ಎಲ್ಲಿದೆ ಅಂತಾನೇ ಸಿಕ್ಕಿಲ್ಲ. ಎಲ್ಲಿ ನೋಡ್ಬೇಕು?

ಚಿಂತಾಮಣಿ_ಕಡ್ಲೆಕಾಯಿ

ಅಕ್ಕ ನಿಮ್ದು ಗೇರ್ ಇಲ್ಲದ ಗಾಡಿ, ಅದರಲ್ಲಿ ಕ್ಲಚ್ ವೈರೇ ಇರಲ್ಲ 🙏

ವರ್ನಿಯರ್_ಅಕ್ಕ (ತುಮಕೂರು)

ಸರೋಜ ಅವ್ರೇ, ನಿಮ್ಮ ಸ್ಕೂಟರಲ್ಲಿ ಬೆಲ್ಟು, ರೋಲರು, ಹಿಂದ್ಗಡೆ ತಾನಾಗೇ ಹಿಡಿಯೋ ಕ್ಲಚ್ ಶೂ ಇರುತ್ತೆ. ಬೆಲ್ಟ್ ಸವೆದಿರಬಹುದು, ಶೂ ಸವೆದಿರಬಹುದು, ಎಡಗಡೆ ಕವರ್ ಬಿಚ್ಚಿ ನೋಡ್ಬೇಕು. ಅದಕ್ಕೊಂದು ಬೇರೆ ಪ್ರಶ್ನೆ ಹಾಕಿ, ಇಲ್ಲಿ ಎರಡೂ ಕಲಸಿದ್ರೆ ಯಾರಿಗೂ ಅರ್ಥ ಆಗಲ್ಲ.

ಗೂಡಿನ ಗಾಡಿ ಅವ್ರಿಗೆ ಒಂದು ಮಾತು. ನಿಮ್ಮ ಕೇಸಲ್ಲಿ ನನಗೆ ಆಸಕ್ತಿ ಬಂದಿದ್ದು ಸ್ಲಿಪ್ಪಲ್ಲ, ನ್ಯೂಟ್ರಲ್ಲು. ವೈರ್ ಟೈಟ್ ಆಗಿದ್ರೆ ಸ್ಲಿಪ್ ಆಗುತ್ತೆ ಸರಿ, ಆದ್ರೆ ಅದೇ ಟೈಟ್ ವೈರ್ ಲಿವರ್ ಹಿಡಿದಾಗ ಕ್ಲಚ್ಚನ್ನ ಇನ್ನೂ ಜಾಸ್ತಿ ಬಿಡಿಸ್ಬೇಕಲ್ವಾ? ಪ್ಲೇ ಸೊನ್ನೆ ಇದ್ದೂ ನ್ಯೂಟ್ರಲ್ ಬೀಳ್ತಿಲ್ಲ ಅಂದ್ರೆ ಎಳೆತ ಸಾಲದೇ ಆಗ್ತಿರೋದಲ್ಲ, ಒಳಗೆ ಪ್ಲೇಟ್‌ಗಳು ಒಂದನ್ನೊಂದು ಬಿಡ್ತಾ ಇಲ್ಲ. ಅದು ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿನಾ, ಓಡಿಸಿ ಬಿಸಿ ಆದ್ಮೇಲೆ ಜಾಸ್ತಿನಾ?

ಗೂಡಿನ_ಗಾಡಿ

ಬೆಳಿಗ್ಗೆ ಮೊದಲನೇ ಗೇರಿಗೆ ಒಂದ್ಸಲ ಧಡ್ ಅನ್ನುತ್ತೆ, ಆಮೇಲೆ ಊರೊಳಗೆ ಚೆನ್ನಾಗಿರುತ್ತೆ. ಚಿಕ್ಕಬಳ್ಳಾಪುರಕ್ಕೆ ಹೋಗೋ ಹೊತ್ತಿಗೆ, ಬಿಸಿ ಆದ್ಮೇಲೆ, ಬಸ್ ಸ್ಟ್ಯಾಂಡ್ ಹತ್ರ ಟ್ರಾಫಿಕ್ಕಲ್ಲಿ ನ್ಯೂಟ್ರಲ್ ಬೀಳಲ್ಲ. ಇಂಜಿನ್ ಆಫ್ ಮಾಡಿದ್ರೆ ತಕ್ಷಣ ಬೀಳುತ್ತೆ.

ವರ್ನಿಯರ್_ಅಕ್ಕ (ತುಮಕೂರು)

ಬೆಳಗ್ಗಿನ ಧಡ್ ಬಿಟ್ಟಾಕಿ. ರಾತ್ರಿ ಪೂರ್ತಿ ನಿಂತಿದ್ದ ಗಾಡೀಲಿ ಪ್ಲೇಟ್‌ಗಳು ಆಯಿಲ್ ಜೊತೆ ಅಂಟ್ಕೊಂಡಿರ್ತವೆ, ಸ್ಟಾರ್ಟ್ ಮಾಡೋಕೆ ಮುಂಚೆ ಕ್ಲಚ್ ಹಿಡಿದು ಗೇರಲ್ಲಿ ಹಿಂದೆ ಮುಂದೆ ತಳ್ಳಿದ್ರೆ ಬಿಡ್ತವೆ. ಬಿಸಿ ಆದ್ಮೇಲೆ ಶುರುವಾಗೋದೇ ತೊಂದರೆ. ಅದಕ್ಕೆ ನಾನು ಎರಡು ಜಾಗ ನೋಡ್ತೀನಿ. ಒಂದು, ಸ್ಟೀಲ್ ಪ್ಲೇಟ್ ಬಿಸಿಗೆ ಸೊಟ್ಟ ಆಗಿರೋದು. ಎರಡು, ಪ್ಲೇಟ್‌ಗಳ ಕಿವಿ ಕೂರೋ ಹೌಸಿಂಗ್ ಬೆರಳುಗಳಲ್ಲಿ ಹಳ್ಳ ಬಿದ್ದಿರೋದು. ಆ ಹಳ್ಳಕ್ಕೆ ಕಿವಿ ಸಿಕ್ಕೊಂಡ್ರೆ ಪ್ಲೇಟ್ ಜಾರಿ ಬಿಡೋಕೇ ಆಗಲ್ಲ.

ನನ್ನ ಅನುಮಾನ ಏನಂದ್ರೆ ನಿಮ್ಮ ಎರಡೂ ಸಮಸ್ಯೆ ಒಂದರಿಂದ ಒಂದು ಬಂದಿರೋದು. ಮೊದಲು ಏನೋ ಕಾರಣಕ್ಕೆ ಗೇರ್ ಗಟ್ಟಿ ಆಯ್ತು, ವೈರ್ ಟೈಟ್ ಮಾಡಿದ್ರು, ಪ್ಲೇ ಹೋಯ್ತು, ಸೊಪ್ಪಿನ ಹೊರೆ ಜೊತೆ ಗೊತ್ತಾಗದಂಗೆ ಸಣ್ಣಕೆ ಸ್ಲಿಪ್ ಆಗ್ತಾ ಇತ್ತು, ಸ್ಲಿಪ್ಪಾದ್ರೆ ಬಿಸಿ, ಬಿಸಿಗೆ ಸ್ಟೀಲ್ ಪ್ಲೇಟ್ ಸೊಟ್ಟ, ಸೊಟ್ಟ ಆದ್ರೆ ಕ್ಲಚ್ ಬಿಡಲ್ಲ, ಮತ್ತೆ ಟೈಟ್. ಬಿಚ್ಚದೇ ಗ್ಯಾರಂಟಿ ಹೇಳಲ್ಲ.

ಟೊಮೇಟೊ_ಕ್ರೇಟ್ (ಕೋಲಾರ)

ಆಯಿಲ್ ಯಾವುದು ಹಾಕಿದ್ದೀಯ ಅಂತ ಯಾರೂ ಕೇಳ್ಲಿಲ್ವಲ್ಲ! ನಮ್ಮ ಮಾವನ ಗಾಡಿ ಎಪಿಎಂಸಿಗೆ ಟೊಮೇಟೊ ಬಾಕ್ಸ್ ಹೊರ್ತಿತ್ತು, ಹೊಸ ಕ್ಲಚ್ ಪ್ಲೇಟ್ ಹಾಕಿಸಿದ ಮೇಲೂ ಸ್ಲಿಪ್ಪು. ಕೊನೆಗೆ ನೋಡಿದ್ರೆ ಆಯಿಲ್ ಬದಲಾಯಿಸಿದೋನು ಗೇರ್ ಇಲ್ಲದ ಸ್ಕೂಟರ್‌ಗೆ ಹಾಕೋ ಆಯಿಲ್ ಸುರಿದಿದ್ದ. ಡಬ್ಬ ನೋಡಿದ್ರೆ ಎರಡೂ ಒಂದೇ ಥರ, ಹಿಂದ್ಗಡೆ ಸಣ್ಣ ಅಕ್ಷರದಲ್ಲಿ ಎಂಬಿ ಅಂತಿತ್ತು.

ಗ್ರೀಸ್_ಕೈ (ಕೋಲಾರ)

ಒಳ್ಳೇ ಪಾಯಿಂಟು ಕ್ರೇಟ್. ನಮ್ಮ ಗೇರ್ ಬೈಕಲ್ಲಿ ಕ್ಲಚ್ಚು ಇಂಜಿನ್ ಆಯಿಲ್ ಒಳಗೇ ಮುಳುಗಿರುತ್ತೆ, ಅದಕ್ಕೆ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರೋದೇ ಬೇಕು. ಎಂಬಿ ಅಂದ್ರೆ ಜಾರೋದು ಜಾಸ್ತಿ, ಒಣ ಕ್ಲಚ್ ಇರೋ ಸ್ಕೂಟರಿಗೆ ಅದು. ಕಾರಿನ ಆಯಿಲ್‌ಗಳಲ್ಲೂ ಮೈಲೇಜ್ ಬರಲಿ ಅಂತ ಜಾರೋ ಮದ್ದು ಸೇರಿಸಿರೋವು ಇರ್ತವೆ, ಅವೂ ಬೇಡ. ದಪ್ಪ ಎಷ್ಟು ಅನ್ನೋದು, ಅಂದ್ರೆ 10ಡಬ್ಲ್ಯೂ-30ನಾ 20ಡಬ್ಲ್ಯೂ-50ನಾ ಅನ್ನೋದು, ನಿನ್ನ ಗಾಡಿ ಬುಕ್ಕಲ್ಲಿ ಏನಿದ್ಯೋ ಅದು. ಬೇಕಿರೋದಕ್ಕಿಂತ ದಪ್ಪ ಹಾಕಿದ್ರೆ ಚಳೀಲಿ ಕ್ಲಚ್ ಬಿಡೋಕೆ ಸತಾಯಿಸುತ್ತೆ.

ಹಳೇ_ಡಗಡಗ

ನಮ್ಮ ಕಾಲದಲ್ಲಿ ಕ್ಲಚ್ ವೈರ್ ಕಟ್ ಆದ್ರೆ ಕ್ಲಚ್ ಇಲ್ದೇನೇ ಗೇರ್ ಹಾಕ್ಕೊಂಡು ಊರು ಸೇರ್ತಿದ್ವಿ. ಎಕ್ಸಲೇಟರ್ ಬಿಟ್ಟು ಸರಿಯಾದ ಹೊತ್ತಿಗೆ ಕಾಲಲ್ಲಿ ಮೀಟಿದ್ರೆ ಸಾಕು. ಈಗಿನ ಹುಡುಗ್ರು ಎರಡು ಬೆರಳು ಯಾವಾಗ್ಲೂ ಲಿವರ್ ಮೇಲೇ ಇಟ್ಕೊಂಡು ಓಡಿಸ್ತಾರೆ, ಪ್ಲೇಟ್ ಹೋಗದೇ ಇನ್ನೇನು.

ಚಿಂತಾಮಣಿ_ಕಡ್ಲೆಕಾಯಿ

ತಾತ ಟ್ರಾಫಿಕ್ಕಲ್ಲಿ ಕ್ಲಚ್ ಇಲ್ದೇ ನಿಲ್ಲಿಸೋದು ಹೆಂಗೆ ಅದನ್ನೂ ಹೇಳ್ಬಿಡಿ

ಹಳೇ_ಡಗಡಗ

ಆಗ ಟ್ರಾಫಿಕ್ಕೇ ಇರ್ಲಿಲ್ಲ ಕಣಯ್ಯ.

ನಂದಿ_ರಾಕೆಟ್

ಬೆರಳು ಇಟ್ಕೊಂಡ್ರೆ ಏನೂ ಆಗಲ್ಲ, ಪ್ಲೇ ಇರೋವರೆಗೂ. ಸುಮ್ನೆ ಹೆದರಿಸ್ಬೇಡಿ.

ಗ್ರೀಸ್_ಕೈ (ಕೋಲಾರ)

ಇದೊಂದು ರಾಕೆಟ್ ಸರಿಯಾಗಿ ಹೇಳ್ದ. ಪ್ಲೇ ಸೊನ್ನೆ ಇರೋ ಗಾಡೀಲಿ ಬೆರಳಿಟ್ರೆ ಮಾತ್ರ ಸುಡುತ್ತೆ.

ಗೂಡಿನ_ಗಾಡಿ

ಅಣ್ಣ ಹೇಳಿದಂಗೆ ಮಾಡ್ದೆ. ವೈರ್ ಬಿಡೋಕೆ ಹೋದ್ರೆ ಕೆಳಗಡೆ ಅಡ್ಜಸ್ಟರ್ ತುದಿಗೆ ಬಂದಿತ್ತು, ಹಿಂದಕ್ಕೆ ತುಂಬಾ ಬಿಟ್ಟ ಮೇಲೆ ಪ್ಲೇ ಬಂತು. ಟ್ಯಾಂಕ್ ಕೆಳಗೆ ವೈರನ್ನ ಪ್ಲಾಸ್ಟಿಕ್ ಟ್ಯಾಗಲ್ಲಿ ಬಿಗಿದಿದ್ರು, ಕತ್ತರಿಸಿದೆ, ಈಗ ಹ್ಯಾಂಡಲ್ ತಿರುಗಿಸಿದ್ರೆ ಏನೂ ಆಗಲ್ಲ. ನಾಲ್ಕನೇ ಗೇರಲ್ಲಿ ಟೆಸ್ಟ್ ಮಾಡ್ದೆ. ಮೊದಲಿಗಿಂತ ಎಷ್ಟೋ ವಾಸಿ, ಒಬ್ಬನೇ ಇದ್ರೆ ಸ್ಲಿಪ್ ಇಲ್ಲ. ತಮ್ಮನ್ನ ಕೂರಿಸ್ಕೊಂಡು ಐದನೇ ಗೇರಲ್ಲಿ ಪೂರ್ತಿ ಕೊಟ್ರೆ ಮಾತ್ರ ಮುಳ್ಳು ಸ್ವಲ್ಪ ಹಾರುತ್ತೆ. ನ್ಯೂಟ್ರಲ್ ಮೊದಲಿಗಿಂತ ಇನ್ನೂ ಕಷ್ಟ ಆಗಿದೆ. ಆಯಿಲ್ ಡಬ್ಬ ಮನೇಲೇ ಇತ್ತು, ಎಂಎ2 ಅಂತಾನೇ ಇದೆ.

ವರ್ನಿಯರ್_ಅಕ್ಕ (ತುಮಕೂರು)

ಹಂಗಾದ್ರೆ ಬಿಚ್ಚಲೇಬೇಕು. ಪ್ಲೇ ಸರಿ, ಆಯಿಲ್ ಸರಿ, ಆದ್ರೂ ಭಾರಕ್ಕೆ ಜಾರ್ತಿದೆ ಅಂದ್ರೆ ಪ್ಲೇಟು ಇಲ್ಲಾ ಸ್ಪ್ರಿಂಗು.

ಒಂದು ಲೆಕ್ಕ ಹೇಳ್ತೀನಿ, ಆಗ ವೈರ್ ಯಾಕೆ ಅಷ್ಟು ಬಿಡಬೇಕಾಯ್ತು ಅಂತ ಗೊತ್ತಾಗುತ್ತೆ. ಲಿವರ್ ಪೂರ್ತಿ ಹಿಡಿದಾಗಲೂ ಒಳಗೆ ಪ್ರೆಷರ್ ಪ್ಲೇಟ್ ಏಳೋದು ಸುಮಾರು ಒಂದೂವರೆ ಎರಡು ಮಿ.ಮೀ. ಅಷ್ಟೇ, ಉಳಿದಿದ್ದೆಲ್ಲಾ ಲಿವರ್ ಲೆಕ್ಕಾಚಾರ. ನಿಮ್ಮ 15 ಮಿ.ಮೀ. ಪ್ಲೇ ಒಳಗಡೆ ಲೆಕ್ಕಕ್ಕೆ ಅರ್ಧ ಮಿ.ಮೀ. ಕೂಡ ಆಗಲ್ಲ. ಈಗ ಐದು ಕ್ಲಚ್ ಪ್ಲೇಟ್ ಇದ್ದು ಒಂದೊಂದೂ ಬರೀ 0.2 ಸವೆದ್ರೂ ಒಟ್ಟು 1 ಮಿ.ಮೀ. ಆಯ್ತು. ಇರೋ ಪ್ಲೇ ಎಲ್ಲಾ ತಿಂದು ಮುಗಿಸಿ ಆಚೆಗೂ ಹೋಗುತ್ತೆ. ಅದಕ್ಕೇ ಪ್ಲೇ ನೋಡ್ಕೊಳ್ಳೋದು ಅಂದ್ರೆ ಸರ್ವೀಸ್ ಹೊತ್ತಲ್ಲಿ ಒಂದ್ಸಲ ಮಾಡಿ ಮರೆಯೋ ಕೆಲಸ ಅಲ್ಲ.

ಬಿಚ್ಚಿದಾಗ ಪ್ಲೇಟ್‌ಗಳನ್ನ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅನ್ನಬೇಡಿ. 0.3 ಮಿ.ಮೀ. ಕಣ್ಣಿಗೆ ಕಾಣಲ್ಲ. ವರ್ನಿಯರಲ್ಲಿ ಅಳೀರಿ, ಒಂದೊಂದು ಪ್ಲೇಟನ್ನೂ ಮೂರು ನಾಲ್ಕು ಕಡೆ. ಈ ಸೈಜ್ ಗಾಡಿಗಳಲ್ಲಿ ಹೊಸ ಪ್ಲೇಟ್ 3 ಮಿ.ಮೀ. ಆಸುಪಾಸು ಇರುತ್ತೆ, ಎಷ್ಟಕ್ಕೆ ಬಿಸಾಕಬೇಕು ಅನ್ನೋದು ಆಯಾ ಗಾಡಿ ಬುಕ್ಕಲ್ಲಿರುತ್ತೆ. ಸ್ಟೀಲ್ ಪ್ಲೇಟನ್ನ ದಪ್ಪ ಗಾಜಿನ ಮೇಲಿಟ್ಟು ಸುತ್ತ ಫೀಲರ್ ಗೇಜ್ ತೂರಿಸಿ ನೋಡಿ. ನೀಲಿ ಬಣ್ಣಕ್ಕೆ ತಿರುಗಿದ್ರೆ ಸುಟ್ಟಿದೆ ಅಂತಾನೇ ಅರ್ಥ.

ಗ್ರೀಸ್_ಕೈ (ಕೋಲಾರ)

ಬಿಚ್ಚೋದು ನೀನೇನಾ? ಹಂಗಾದ್ರೆ ಕೇಳು. ಆಯಿಲ್ ಹೆಂಗೂ ಹಳೇದಾಗಿದ್ರೆ ಇಳಿಸ್ಬಿಡು, ಹೊಸದಾಗಿದ್ರೆ ಗಾಡೀನ ಎಡಗಡೆಗೆ ಚೆನ್ನಾಗಿ ಒರಗಿಸು, ಬಲಗಡೆ ಕವರ್ ಬಿಚ್ಚಿದಾಗ ಜಾಸ್ತಿ ಚೆಲ್ಲಲ್ಲ. ಕವರ್ ಬೋಲ್ಟ್‌ಗಳು ಉದ್ದ ಗಿಡ್ಡ ಇರ್ತವೆ, ರಟ್ಟಿನ ಮೇಲೆ ಕವರ್ ಆಕಾರ ಬರೆದು ಅದೇ ಜಾಗದಲ್ಲಿ ಚುಚ್ಚಿಡು. ಸ್ಪ್ರಿಂಗ್ ಬೋಲ್ಟ್‌ಗಳನ್ನ ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಚ್ಚು, ಕಟ್ಟೋವಾಗಲೂ ಹಂಗೇ. ಒಳಗಡೆ ಅಲ್ಯೂಮಿನಿಯಂ ಥ್ರೆಡ್ಡು, ಸಣ್ಣ ಬೋಲ್ಟು, ಕೈ ಬಲ ತೋರಿಸೋ ಜಾಗ ಅಲ್ಲ ಅದು, ಕಿತ್ಕೊಂಡ್ರೆ ಹಬ್ಬೇ ಬದಲಾಯಿಸ್ಬೇಕು.

ಪ್ಲೇಟ್ ಒಂದೊಂದೇ ತೆಗೀತಾ ಫೋಟೋ ತೆಕ್ಕೋ. ಕೆಲವು ಗಾಡೀಲಿ ಕೊನೇ ಪ್ಲೇಟಿನ ಕಿವಿ ಬೇರೆ ಸೀಳಲ್ಲಿ ಕೂರುತ್ತೆ, ತಪ್ಪಿ ಹಾಕಿದ್ರೆ ಮತ್ತೆ ಬಿಚ್ಚೋ ಕೆಲಸ. ಇನ್ನು ಕೆಲವು ಗಾಡೀಲಿ ಪ್ರೆಷರ್ ಪ್ಲೇಟ್ ಹಿಂದುಗಡೆ ಇರುತ್ತೆ, ನಡುವಿನ ನಟ್ ಬಿಚ್ಚದೇ ಪ್ಲೇಟ್ ಬರಲ್ಲ, ಅದಕ್ಕೆ ಬೇರೆ ಟೂಲ್ ಬೇಕು. ನಿಂದು ಆ ಥರ ಇದ್ರೆ ಉಳಿ ಇಟ್ಟು ಸುತ್ತಿಗೇಲಿ ಹೊಡೀಬೇಡ, ಗ್ಯಾರೇಜಿಗೆ ತಗೊಂಡ್ ಹೋಗು.

ಟೊಮೇಟೊ_ಕ್ರೇಟ್ (ಕೋಲಾರ)

ಪ್ಲೇಟ್ ಕಂಪನೀದೇ ಬೇಕಾ ಇಲ್ಲಾ ಲೋಕಲ್ ಸಾಕಾ? ನಮ್ಮ ಮಾವ ಲೋಕಲ್ಲೇ ಹಾಕಿದ್ದು, ಆಯಿಲ್ ಸರಿ ಮಾಡಿದ ಮೇಲೆ ಚೆನ್ನಾಗೇ ಓಡ್ತಿದೆ.

ವರ್ನಿಯರ್_ಅಕ್ಕ (ತುಮಕೂರು)

ಓಡುತ್ತೆ. ಆದ್ರೆ ಲೋಕಲ್ ಸೆಟ್ಟಲ್ಲಿ ಪ್ಲೇಟಿಂದ ಪ್ಲೇಟಿಗೆ ದಪ್ಪ ವ್ಯತ್ಯಾಸ ಇರೋದನ್ನ ನಾನೇ ಅಳೆದು ನೋಡಿದ್ದೀನಿ. ಹೊರೆ ಹೊರೋ ಗಾಡಿಗೆ ನಾನಂತೂ ಹಾಕಲ್ಲ.

ನಂದಿ_ರಾಕೆಟ್

ಗಟ್ಟಿ ಸ್ಪ್ರಿಂಗ್ ಹಾಕ್ಸು ಬ್ರೋ, ಪ್ಲೇಟ್ ಬದಲಾಯಿಸೋದೇ ಬೇಡ. ರೇಸ್ ಗಾಡಿಗೆಲ್ಲಾ ಅದೇ ಹಾಕೋದು.

ಗ್ರೀಸ್_ಕೈ (ಕೋಲಾರ)

ರೇಸ್ ಗಾಡಿಯೋನು ಟ್ರಾಫಿಕ್ಕಲ್ಲಿ ನಿಲ್ಲಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿ ಮಾರ್ಕೆಟ್ ರೋಡಲ್ಲಿ ಅರ್ಧ ಗಂಟೆ ಓಡಿಸು, ಎಡಗೈ ಮೇಲೆತ್ತೋಕೆ ಆಗಲ್ಲ. ವೈರೂ ಬೇಗ ಹೋಗುತ್ತೆ. ಸವೆದ ಪ್ಲೇಟು ಸವೆದೇ ಇರುತ್ತೆ.

ಗೂಡಿನ_ಗಾಡಿ

ಬಿಚ್ಚಿದೆ. ಪಕ್ಕದ ಮನೆ ಅಣ್ಣ ಲೇತ್ ಶಾಪಲ್ಲಿ ಕೆಲಸ ಮಾಡೋದು, ವರ್ನಿಯರ್, ಫೀಲರ್ ಗೇಜ್ ಎರಡೂ ಅವನೇ ತಂದ. ನಡುವಿನ ನಟ್ ಬಿಚ್ಚಬೇಕಾಗಿ ಬರ್ಲಿಲ್ಲ, ನಾಲ್ಕು ಸ್ಪ್ರಿಂಗ್ ಬೋಲ್ಟ್ ತೆಗೆದ್ರೆ ಎಲ್ಲಾ ಕೈಗೆ ಬಂತು. ಹೊಸ ಸೆಟ್ ತಂದಿದ್ದೆ, ಅದರಲ್ಲಿ ಒಂದೊಂದು ಪ್ಲೇಟ್ 3.0 ಇದೆ. ನಂದು ನಾಲ್ಕು ಪ್ಲೇಟ್ 2.7, ಒಂದು 2.6. ಸ್ಟೀಲ್ ಪ್ಲೇಟಲ್ಲಿ ಎರಡು ನೀಲಿ ಆಗಿವೆ, ಗಾಜಿನ ಮೇಲಿಟ್ರೆ ಒಂದರ ಕೆಳಗೆ 0.3 ಗೇಜ್ ಸಲೀಸಾಗಿ ತೂರುತ್ತೆ, ಇನ್ನೊಂದು ಅಷ್ಟಿಲ್ಲ. ಹೌಸಿಂಗ್ ಬೆರಳಲ್ಲಿ ಉಗುರಿಗೆ ಸಿಗೋ ಅಷ್ಟು ಹಳ್ಳ ಇದೆ. ಸ್ಪ್ರಿಂಗ್ ನಾಲ್ಕೂ ಒಂದೇ ಉದ್ದ ಇವೆ, ಹೊಸದರ ಪಕ್ಕ ಇಟ್ರೆ ಚೂರೇ ಚೂರು ಗಿಡ್ಡ.

ವರ್ನಿಯರ್_ಅಕ್ಕ (ತುಮಕೂರು)

ನೋಡಿ, 0.3 ನಾಲ್ಕು ಸಲ, 0.4 ಒಂದು ಸಲ, ಒಟ್ಟು 1.6 ಮಿ.ಮೀ. ಹೋಗಿದೆ. ಇದು ಪ್ಲೇ ತಿಂದಿದ್ದು ಒಂದು ಕಡೆ, ಇನ್ನೊಂದು ಕಡೆ ಸ್ಪ್ರಿಂಗು ಅಷ್ಟೇ 1.6 ಮಿ.ಮೀ. ಹಿಗ್ಗಿ ಕೂತಿದೆ, ಹಿಗ್ಗಿದ ಸ್ಪ್ರಿಂಗ್ ಒತ್ತೋದು ಕಮ್ಮಿ. ಅಂದ್ರೆ ವೈರ್ ಸರಿ ಮಾಡಿದ ಮೇಲೂ ತಮ್ಮನ ಭಾರಕ್ಕೆ ಜಾರಿದ್ದು ಇದಕ್ಕೇ. ಪ್ಲೇಟ್ ಸವೆತ ಎರಡು ಕಡೆಯಿಂದ ಹೊಡೆಯುತ್ತೆ.

ಸೊಟ್ಟ ಆಗಿರೋ ಸ್ಟೀಲ್ ಪ್ಲೇಟ್ ಇಟ್ಕೊಂಡು ಹೊಸ ಕ್ಲಚ್ ಪ್ಲೇಟ್ ಮಾತ್ರ ಹಾಕಬೇಡಿ, ನ್ಯೂಟ್ರಲ್ ಸಮಸ್ಯೆ ಹಂಗೇ ಉಳಿಯುತ್ತೆ, ಹೊಸ ಪ್ಲೇಟೂ ಒಂದೇ ಕಡೆ ಸವೆಯುತ್ತೆ. ಸ್ಟೀಲೂ ಪೂರ್ತಿ ಸೆಟ್ ಹಾಕಿ.

ಗ್ರೀಸ್_ಕೈ (ಕೋಲಾರ)

ಸ್ಪ್ರಿಂಗೂ ಹಾಕ್ಬಿಡು. ಬಿಚ್ಚಿದ್ದಾಗಿದೆ, ಅದರ ಬೆಲೆ ಏನು ಮಹಾ.

ವರ್ನಿಯರ್_ಅಕ್ಕ (ತುಮಕೂರು)

ಬುಕ್ಕಲ್ಲಿರೋ ಉದ್ದಕ್ಕಿಂತ ಕಮ್ಮಿ ಆಗಿಲ್ಲ ಅಂದ್ರೆ ಯಾಕೆ ಹಾಕ್ಬೇಕು? ಹೊಸ ಪ್ಲೇಟ್ ಹಾಕಿದ್ರೆ ಸ್ಪ್ರಿಂಗ್ ಮತ್ತೆ ಮೊದಲಿನಷ್ಟೇ ಒತ್ತಿಕೊಳ್ಳುತ್ತೆ. ಅಳತೆ ಸರಿ ಇರೋದನ್ನ ಬಿಸಾಕೋದು ನನಗೆ ಒಪ್ಪಿಗೆ ಇಲ್ಲ.

ಗ್ರೀಸ್_ಕೈ (ಕೋಲಾರ)

ಸುಟ್ಟ ಕ್ಲಚ್ ಅಕ್ಕಾ ಇದು. ಉದ್ದ ಸರಿ ಇದ್ರೂ ಬಿಸಿ ತಿಂದ ಸ್ಪ್ರಿಂಗ್ ನಂಬಲ್ಲ ನಾನು. ಹೋಗ್ಲಿ, ಅವನ ಗಾಡಿ, ಅವನೇ ತೀರ್ಮಾನ ಮಾಡ್ಲಿ.

ಗೂಡಿನ_ಗಾಡಿ

ಸ್ಪ್ರಿಂಗೂ ಹೊಸದೇ ಹಾಕ್ತೀನಿ ಅಕ್ಕ, ಬೈಬೇಡಿ. ಹೌಸಿಂಗ್ ಹಳ್ಳಕ್ಕೆ ಏನು ಮಾಡ್ಲಿ? ಲೇತ್ ಅಣ್ಣ ಅರ ಹಾಕಿ ಉಜ್ಜಿಬಿಡ್ತೀನಿ ಅಂತಿದ್ದಾನೆ.

ಗ್ರೀಸ್_ಕೈ (ಕೋಲಾರ)

ಉಗುರಿಗೆ ಸಿಗೋ ಅಷ್ಟೇ ಇದ್ರೆ ಸಣ್ಣ ಅರದಲ್ಲಿ ಅಂಚು ಮಾತ್ರ ನಯ ಮಾಡ್ಬಹುದು, ಎಲ್ಲಾ ಬೆರಳಿಗೂ ಒಂದೇ ಸಮ. ಪುಡಿ ಒಳಗೆ ಬೀಳದಂಗೆ ಬಟ್ಟೆ ತುರುಕು. ಹಳ್ಳ ಪೂರ್ತಿ ಮಾಯ ಆಗೋವರೆಗೂ ಉಜ್ಜೋಕೆ ಹೋಗ್ಬೇಡ, ಸೀಳು ಅಗಲ ಆಗಿ ಪ್ಲೇಟ್ ಕಿವಿ ಲಟಲಟ ಅನ್ನುತ್ತೆ, ಆಮೇಲೆ ಹಳ್ಳ ಇನ್ನೂ ಬೇಗ ಬೀಳುತ್ತೆ.

ವರ್ನಿಯರ್_ಅಕ್ಕ (ತುಮಕೂರು)

ನಾನಾದ್ರೆ ಮುಟ್ಟಲ್ಲ. ಪ್ಲೇಟ್ ಹಾಕಿ ಓಡಿಸಿ ನೋಡಿ, ಬಿಸಿ ಆದಾಗ ನ್ಯೂಟ್ರಲ್ ಕೊಟ್ಟರೆ ಬಿಟ್ಟಾಕಿ, ಕೊಡಲಿಲ್ಲ ಅಂದ್ರೆ ಹೌಸಿಂಗ್ ಬದಲಾಯಿಸಿ. ಗಾಡಿ ಒಳಗಿದ್ದಂಗೇ ಅರ ಹಾಕಿದ್ರೆ ಅಲ್ಯೂಮಿನಿಯಂ ಪುಡಿ ಎಷ್ಟೇ ಬಟ್ಟೆ ತುರುಕಿದ್ರೂ ಆಯಿಲ್‌ಗೆ ಸೇರುತ್ತೆ. ಮತ್ತೆ ಹೊಸ ಕ್ಲಚ್ ಪ್ಲೇಟನ್ನ ಒಣಗಿದ್ದಂಗೇ ಹಾಕಬೇಡಿ, ಗಾಡಿಗೆ ಹಾಕೋ ಆಯಿಲಲ್ಲೇ ರಾತ್ರಿ ನೆನೆಸಿಡಿ. ಒಣ ಪ್ಲೇಟ್ ಹಾಕಿದ್ರೆ ಮೊದಲನೇ ಸಲ ಬಿಟ್ಟಾಗಲೇ ಸುಟ್ಟುಹೋಗಬಹುದು.

ಚಿಂತಾಮಣಿ_ಕಡ್ಲೆಕಾಯಿ

ಉದ್ದಿನಬೇಳೆ ಥರ ರಾತ್ರಿ ನೆನೆಸಿಡಿ ಅಂತಾರಲ್ಲ, ಬೆಳಿಗ್ಗೆ ಎದ್ದು ರುಬ್ಬಿಬಿಟ್ಟೀಯ ಗುರು

ಗೂಡಿನ_ಗಾಡಿ

ಅಪ್‌ಡೇಟ್. ಎಲ್ಲಾ ಹಾಕಿದೆ, ಅರ ಹಾಕಿಸಲಿಲ್ಲ. ಕೆಳಗಡೆ ನಟ್ಟಲ್ಲಿ ಪ್ಲೇ 15 ಮಿ.ಮೀ. ಇಟ್ಟೆ, ಹೊಸ ಪ್ಲೇಟ್ ಆದ್ಮೇಲೆ ಅಡ್ಜಸ್ಟರ್ ತಾನಾಗೇ ಹೆಚ್ಚುಕಮ್ಮಿ ಮಧ್ಯಕ್ಕೆ ಬಂತು. ತಮ್ಮನ್ನೂ ಎರಡು ಮೂಟೆ ಸೊಪ್ಪನ್ನೂ ಹಾಕ್ಕೊಂಡು ಏರಲ್ಲಿ ನಾಲ್ಕನೇ ಗೇರಲ್ಲಿ ಪೂರ್ತಿ ಕೊಟ್ಟೆ, ಮುಳ್ಳು ಹಾರ್ಲಿಲ್ಲ, ಗಾಡಿ ಎಳೀತು. ನ್ಯೂಟ್ರಲ್ ತುಂಬಾ ಸುಧಾರಿಸಿದೆ, ಆದ್ರೆ ಬಿಸಿ ಆದಾಗ ಆಗೊಮ್ಮೆ ಈಗೊಮ್ಮೆ ಇನ್ನೂ ಸತಾಯಿಸುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ ಫಸ್ಟ್ ಗೇರಲ್ಲಿ ಕ್ಲಚ್ ಹಿಡಿದ್ರೆ ಹಿಂದಿನ ಚಕ್ರ ತಿರುಗುತ್ತೆ, ಇದು ಸರಿನಾ?

ಗ್ರೀಸ್_ಕೈ (ಕೋಲಾರ)

ಹಿಂದಿನ ಬ್ರೇಕ್ ಮೆಲ್ಲಗೆ ಒತ್ತು. ಚಕ್ರ ನಿಂತು ಇಂಜಿನ್ ಓಡ್ತಾನೇ ಇದ್ರೆ ಸರಿ, ಆಯಿಲ್ ಎಳೆಯೋದು ಅಷ್ಟು ಇದ್ದೇ ಇರುತ್ತೆ. ಬ್ರೇಕ್ ಒತ್ತಿದಾಗ ಇಂಜಿನ್ ನಲುಗಿ ಆಫ್ ಆಗೋ ಹಂಗಾದ್ರೆ ಕ್ಲಚ್ ಬಿಡ್ತಿಲ್ಲ ಅಂತ.

ಗೂಡಿನ_ಗಾಡಿ

ಚಕ್ರ ನಿಲ್ಲುತ್ತೆ, ಇಂಜಿನ್ ಚೂರು ಇಳಿದಂಗೆ ಆಗುತ್ತೆ, ಆಫ್ ಆಗಲ್ಲ.

ವರ್ನಿಯರ್_ಅಕ್ಕ (ತುಮಕೂರು)

ಆ ಚೂರು ಇಳಿಯೋದೇ ಹೌಸಿಂಗ್ ಹಳ್ಳ ಅಂತ ನನ್ನ ಗುಮಾನಿ.

ಗ್ರೀಸ್_ಕೈ (ಕೋಲಾರ)

ಇರಬಹುದು, ಐಡಲ್ ಜಾಸ್ತಿ ಇಟ್ಟಿದ್ರೂ ಹಂಗಾಗುತ್ತೆ. ಐಡಲ್ ಎಷ್ಟಿದೆ ನೋಡಿ ಹೇಳು. ಹೊಸ ಪ್ಲೇಟ್ ಕೂರೋ ಹೊತ್ತಿಗೆ ಪ್ಲೇ ಒಂದ್ಸಲ ಬದಲಾಗುತ್ತೆ, ಮುಂದಿನ ವಾರ ಮತ್ತೆ ಲಿವರ್ ಮುಟ್ಟಿ ನೋಡು, ಕಮ್ಮಿ ಆಗಿದ್ರೆ ಬಿಡು, ಎಳೀಬೇಡ.

ನಂದಿ_ರಾಕೆಟ್

ಅಣ್ಣ ಒಂದು ಡೌಟು. ನನ್ ಗಾಡಿ ಲಿವರ್ ಈಗ ನೋಡ್ದೆ, ಪ್ಲೇ ಇಲ್ಲವೇ ಇಲ್ಲ. ಆದ್ರೆ ಸ್ಲಿಪ್ಪೂ ಇಲ್ಲ. ಹಂಗೇ ಬಿಡ್ಲಾ?

ಗ್ರೀಸ್_ಕೈ (ಕೋಲಾರ)

ಬಿಡಬೇಡ, ಇವತ್ತೇ ಸಡಿಲಿಸು. ಕೆಳಗಡೆ ಅಡ್ಜಸ್ಟರ್‌ನಲ್ಲಿ ಬಿಡೋಕೆ ಇನ್ನೂ ಎಷ್ಟು ಥ್ರೆಡ್ ಉಳಿದಿದೆ ಅಂತ ಫೋಟೋ ಹಾಕು.